ಸಹಾಯ ಬೇಕು: ಕಿರಾಣಿ ಅಂಗಡಿಯ ಸ್ಟಾಕ್ 50 ದಿನವೋ, 44 ದಿನವೋ?

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಹೋದ ವರ್ಷದ ಲೆಕ್ಕದಲ್ಲಿ ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ಏಪ್ರಿಲ್ 1ಕ್ಕೆ ಅಂಗಡಿಯಲ್ಲಿದ್ದ ಮಾಲು 4,20,000 ರೂಪಾಯಿ. ವರ್ಷದ ಖರೀದಿ 36,00,000. ಮಾರ್ಚ್ 31ಕ್ಕೆ ಉಳಿದದ್ದು 5,40,000. ಎಲ್ಲವೂ ಖರೀದಿ ರೇಟಿನಲ್ಲೇ, ಎಂಆರ್‌ಪಿ ಹಿಡಿದಿಲ್ಲ. ಮೊದಲೆರಡು ಕೂಡಿಸಿ ಉಳಿದದ್ದು ಕಳೆದರೆ ಮಾರಿದ ಮಾಲಿನ ಅಸಲು 34,80,000. ಶುರುವಿನ ಮತ್ತು ಕೊನೆಯ ಸ್ಟಾಕಿನ ಸರಾಸರಿ 4,80,000. ಅಸಲನ್ನು ಈ ಸರಾಸರಿಯಿಂದ ಭಾಗಿಸಿದರೆ 7.25, ಅಂದರೆ ಮಾಲು ವರ್ಷಕ್ಕೆ ಅಷ್ಟು ಸಲ ತಿರುಗಿದೆ. 365ನ್ನು 7.25ರಿಂದ ಭಾಗಿಸಿದರೆ ಮಾಲು ಅಂಗಡಿಯಲ್ಲಿ ಕೂರುವುದು ಸುಮಾರು 50 ದಿನ.

ಆದರೆ ಮಾರ್ಚ್ 28ಕ್ಕೆ 1,20,000 ರೂಪಾಯಿಯ ಸೋನಾ ಮಸೂರಿ ಇಳಿಸಿದ್ದೆವು. ಸ್ಟಾಕ್ ಎಣಿಸುವಾಗ ಒಂದು ಚೀಲದ ಹೊಲಿಗೆಯೂ ಬಿಚ್ಚಿರಲಿಲ್ಲ. ಅದನ್ನು ಖರೀದಿಯಿಂದಲೂ ಉಳಿದ ಮಾಲಿನಿಂದಲೂ ತೆಗೆದರೆ ಅಸಲು ಅಷ್ಟೇ ಇರುತ್ತದೆ. ಸರಾಸರಿ ಮಾತ್ರ 4,20,000ಕ್ಕೆ ಇಳಿದು 44 ದಿನ ಬರುತ್ತದೆ. ಮೂರು ದಿನದ ಅಕ್ಕಿಗೆ ಆರು ದಿನದ ವ್ಯತ್ಯಾಸ ಜಾಸ್ತಿ ಅಲ್ವಾ?

ಹೀಗೆ ತೆಗೆಯುವುದು ಸರಿಯೇ? ಇಲ್ಲಾ 12 ತಿಂಗಳ ಕೊನೆಯ ಸ್ಟಾಕಿನ ಸರಾಸರಿ ಹಿಡಿಯಬೇಕೇ? ಎಣ್ಣೆ, ಸಕ್ಕರೆ ವಾರಕ್ಕೇ ಖಾಲಿ, ಸಾಬೂನು ತಿಂಗಳುಗಟ್ಟಲೆ ಕೂರುತ್ತದೆ. ಅವನ್ನು ಬೇರೆ ಬೇರೆ ಲೆಕ್ಕ ಹಾಕುವವರಿದ್ದರೆ, ಖರೀದಿ ಪುಸ್ತಕದಲ್ಲಿ ಹೇಗೆ ವಿಂಗಡಿಸುತ್ತೀರಿ ಎಂದು ದಯವಿಟ್ಟು ತಿಳಿಸಿ.