ಪೋಲ್‌ನಲ್ಲಿ ಗೆದ್ದ ವಿಷಯದ ವಿಡಿಯೋ ಓಡಲಿಲ್ಲ, ಮುಂದಿನದನ್ನ ಆರಿಸೋದು ಹೇಗೆ?

ತೋಟದಮನೆ:
ಅಡಿಕೆ ಕೃಷಿಯ ಯೂಟ್ಯೂಬ್ ಚಾನೆಲ್ ನಂದು, 8,000 ಸಬ್‌ಸ್ಕ್ರೈಬರ್ ಇದ್ದಾರೆ. ಏಪ್ರಿಲ್‌ನಲ್ಲಿ ‘ಮುಂದಿನ ವಿಡಿಯೋ ಯಾವುದು ಬೇಕು?’ ಅಂತ ಪೋಲ್ ಹಾಕಿದ್ದೆ. 240 ವೋಟ್ ಬಂತು. ಡ್ರೋನ್ ಸಿಂಪಡಣೆ 41%, ಬೋರ್ಡೋ ದ್ರಾವಣ 27%, ಎಲೆಚುಕ್ಕೆ ರೋಗ 22%, ಕಾಳುಮೆಣಸು 10%. ಡ್ರೋನ್ ಮೇಲೆ 14 ನಿಮಿಷದ ವಿಡಿಯೋ ಮಾಡಿದೆ, ಮಾಮೂಲಿ ವ್ಯೂಸ್‌ನ ಅರ್ಧವೂ ಬರಲಿಲ್ಲ. ಪೋಲ್ ಮತ್ತು ಕಾಮೆಂಟ್ ನೋಡಿ ಯಾವ ವಿಷಯಕ್ಕೆ ಬೇಡಿಕೆ ಇದೆ ಅಂತ ಮೊದಲೇ ತಿಳಿಯೋದು ಹೇಗೆ? ಗೊತ್ತಿರೋರು ಹೇಳಿ.

ಅಂಕಿಲೆಕ್ಕ:
ಸರ್, ತೊಂದರೆ ಇರೋದು ‘ಡ್ರೋನ್ ಸಿಂಪಡಣೆ’ ಅನ್ನೋ ಎರಡು ಪದದಲ್ಲಿ. 240ರಲ್ಲಿ 41% ಅಂದ್ರೆ 98 ಜನ. ಅವರಲ್ಲಿ ಒಬ್ಬರಿಗೆ ಎಕರೆಗೆ ಬಾಡಿಗೆ ಎಷ್ಟು ಅಂತ ಬೇಕು. ಇನ್ನೊಬ್ಬರಿಗೆ ಮೇಲಿಂದ ಬಿಟ್ಟ ಔಷಧಿ ಸೋಗೆ ಕೆಳಗಿರೋ ಗೊನೆಗೆ ತಾಗುತ್ತಾ ಅನ್ನೋ ಅನುಮಾನ. ಮತ್ತೊಬ್ಬರಿಗೆ ಸಬ್ಸಿಡಿ ವಿಚಾರ. ಉಳಿದವರಿಗೆ ಡ್ರೋನ್ ಹಾರೋದನ್ನ ನೋಡಬೇಕು, ಅಷ್ಟೆ. ನಾಲ್ಕು ಬೇರೆ ಬೇರೆ ಪ್ರಶ್ನೆ ಒಂದೇ ಬಟನ್ ಒತ್ತಿವೆ. ಅಗಲವಾದ ಆಯ್ಕೆ ಯಾವಾಗಲೂ ಹೆಚ್ಚು ವೋಟ್ ಬಾಚಿಕೊಳ್ಳುತ್ತೆ, ಆದರೆ ಒಂದು ವಿಡಿಯೋ ಆ ನಾಲ್ಕಕ್ಕೂ ಉತ್ತರ ಕೊಡಲ್ಲ.

ಇದು ನಿಜವೋ ಅಲ್ಲವೋ ನೀವೇ ಪರೀಕ್ಷಿಸಬಹುದು. ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ವಿಡಿಯೋದ ಕ್ಲಿಕ್ ಪ್ರಮಾಣವನ್ನೂ ಮೊದಲ ಒಂದು ನಿಮಿಷದ ರಿಟೆನ್ಶನ್ ಗೆರೆಯನ್ನೂ ಒಟ್ಟಿಗೆ ತೆರೆದು ನೋಡಿ. ಕ್ಲಿಕ್ ನಿಮ್ಮ ಉಳಿದ ವಿಡಿಯೋಗಳಷ್ಟೇ ಇದ್ದು ಗೆರೆ ಮಾತ್ರ ಬೇಗ ಕುಸಿದಿದ್ದರೆ, ಜನ ಬಂದರು, ತಮ್ಮ ಪ್ರಶ್ನೆ ಅಲ್ಲಿ ಇಲ್ಲ ಅಂತ ಹೋದರು. ಕ್ಲಿಕ್ಕೇ ಕಡಿಮೆ ಇದ್ದರೆ ಮೊದಲು ಶೀರ್ಷಿಕೆ, ಥಂಬ್‌ನೇಲ್ ಕಡೆ ನೋಡಿ. ಆಗ ವಿಷಯದ ತಪ್ಪು ಅಂತ ತೀರ್ಮಾನ ಮಾಡೋಕೆ ಬರಲ್ಲ.

ಕಡೂರು ಕ್ಯಾಮರಾ:
ಪೋಲ್‌ಗೆ ತಲೆ ಕೆಡಿಸ್ಕೋಬೇಡಿ ಗುರುವೇ. ಅನಾಲಿಟಿಕ್ಸ್‌ನಲ್ಲಿ ಟ್ರಾಫಿಕ್ ಸೋರ್ಸ್ ಒಳಗೆ ಯೂಟ್ಯೂಬ್ ಸರ್ಚ್ ಅಂತ ಇದೆ. ಜನ ಏನು ಟೈಪ್ ಮಾಡಿ ನಿಮ್ಮ ಚಾನೆಲ್‌ಗೆ ಬಂದರು ಅಂತ ಪಟ್ಟಿನೇ ಸಿಗುತ್ತೆ. ಮೇಲಿನ ಹತ್ತು ಪದಕ್ಕೆ ಹತ್ತು ವಿಡಿಯೋ ಮಾಡಿ, ಮುಗೀತು.

ಅಂಕಿಲೆಕ್ಕ:
ಆ ಪಟ್ಟಿ ಉಪಯೋಗಕ್ಕೆ ಬರುತ್ತೆ, ಆದರೆ ಅದರಲ್ಲಿ ಇರೋದು ಹುಡುಕಿ ನಿಮ್ಮ ವಿಡಿಯೋ ಸಿಕ್ಕವರು ಮಾತ್ರ. ನೀವು ಇನ್ನೂ ಮಾಡದ ವಿಷಯ ಹುಡುಕಿ ಬೇರೆ ಕಡೆ ಹೋದವರು ಅಲ್ಲಿ ಕಾಣಲ್ಲ. ಹೊಸ ವಿಷಯ ಆರಿಸೋಕೆ ಅದೊಂದನ್ನೇ ನಂಬಿದರೆ ಹಳೇ ವಿಡಿಯೋಗಳನ್ನೇ ಸುತ್ತು ಹಾಕ್ತೀರಿ. ಜನ ಬಳಸೋ ಪದ ಯಾವುದು ಅಂತ ತಿಳಿಯೋಕೆ ಮಾತ್ರ ಅದು ಒಳ್ಳೇದು. ನೀವು ‘ಬೋರ್ಡೋ ದ್ರಾವಣ’ ಅಂತೀರಿ, ಅವರು ‘ಮೈಲುತುತ್ತ ಸುಣ್ಣ’ ಅಂತ ಹುಡುಕಿರಬಹುದು.

ಮಂಡಿಗದ್ದೆ:
ನಾನು ಕಾಮೆಂಟ್ ಕಡೆಯಿಂದ ಹೇಳ್ತೀನಿ. ಸ್ಟುಡಿಯೋದ ಕಾಮೆಂಟ್ ಪುಟದಲ್ಲಿ “Contains questions” ಅಂತ ಒಂದು ಫಿಲ್ಟರ್ ಇದೆ. ಕನ್ನಡ ಚಾನೆಲ್‌ಗೆ ಅದೊಂದೇ ಸಾಲಲ್ಲ. ನಮ್ಮ ಜನ ಪ್ರಶ್ನಾರ್ಥಕ ಚಿಹ್ನೆ ಹಾಕೋದು ಕಡಿಮೆ, ಅರ್ಧಕ್ಕರ್ಧ ಮಂದಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀತಾರೆ. ಹಾಗಾಗಿ ಅದೇ ಪುಟದ ಹುಡುಕಾಟದಲ್ಲಿ ಪ್ರಶ್ನೆ ಪದಗಳನ್ನ ಒಂದೊಂದಾಗಿ ಹಾಕಿ ನೋಡಬೇಕು: ಎಷ್ಟು, ಯಾವಾಗ, ಹೇಗೆ, ಯಾಕೆ. ಆಮೇಲೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ:

```
eshtu   estu   yestu
yavaga  yavag
hege    hege madodu
yake    yaake
```

ಸಿಕ್ಕಿದ್ದನ್ನ ಒಂದು ಶೀಟ್‌ಗೆ ಹಾಕಿ. ಅವರ ವಾಕ್ಯ ಹಾಗೇ ಇರಲಿ, ತಿದ್ದಬೇಡಿ. ಪಕ್ಕದಲ್ಲಿ ತಿಂಗಳು, ಯಾವ ವಿಡಿಯೋ ಕೆಳಗೆ ಅಂತ ಬರೀರಿ. ಎಣಿಸುವಾಗ ಕಾಮೆಂಟ್ ಎಣಿಸಬೇಡಿ, ಆಳು ಎಣಿಸಿ. ಒಬ್ಬರೇ ಆರು ಸಲ ಕೇಳಿರ್ತಾರೆ.

ಮುಖ್ಯವಾದದ್ದು, ಅಡಿಕೆಗೆ ಕಳೆದ ಮೂರು ತಿಂಗಳ ಕಾಮೆಂಟ್ ನೋಡಿ ಪ್ರಯೋಜನ ಇಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಜನ ಕೇಳೋದು ನೀರು, ಬೇಸಾಯದ ಮಾತು. ಮಳೆಗಾಲದ ವಿಡಿಯೋಗೆ ಹೋದ ವರ್ಷ ಮೇಯಿಂದ ಆಗಸ್ಟ್‌ವರೆಗೆ ಕೇಳಿದ ಪ್ರಶ್ನೆ ಬೇಕು. ಪುಟ ಹಿಂದಕ್ಕೆ ಎಳೆಯೋದು ಕಷ್ಟ, ಅದಕ್ಕೆ ಆ ತಿಂಗಳಲ್ಲಿ ಹಾಕಿದ ವಿಡಿಯೋಗಳನ್ನ ಒಂದೊಂದಾಗಿ ತೆರೆದು ಓದಿ.

ಒಗ್ಗರಣೆ:
ನಮಸ್ಕಾರ, ನಂದು ಅಡುಗೆ ಚಾನೆಲ್, 300 ಸಬ್‌ಸ್ಕ್ರೈಬರ್. ಪೋಲ್ ಯಾವ ಹೊತ್ತಿಗೆ ಹಾಕಿದ್ರೆ ಜಾಸ್ತಿ ವೋಟ್ ಬರುತ್ತೆ? ನನಗೆ ಹೋದ ಸಲ 11 ಬಂತು, ಅದರಲ್ಲಿ 6 ಅಕ್ಕಿ ರೊಟ್ಟಿಗೆ. ಅದನ್ನೇ ಮಾಡಲಾ?

ಮಂಡಿಗದ್ದೆ:
ಮೇಡಂ, ಹೊತ್ತು ಬದಲಾಯಿಸಿದ್ರೆ 11 ಇದ್ದದ್ದು 15 ಆಗಬಹುದು, ಅದರಿಂದ ಏನೂ ಗೊತ್ತಾಗಲ್ಲ. ಹನ್ನೊಂದರಲ್ಲಿ ನಾಲ್ಕೈದು ಮನೆಯವರೇ ಇರ್ತಾರೆ. ನಿಮ್ಮ ಅಳತೆಯ ಚಾನೆಲ್‌ಗೆ ದೊಡ್ಡ ಅಡುಗೆ ಚಾನೆಲ್‌ಗಳ ಅಕ್ಕಿ ರೊಟ್ಟಿ ವಿಡಿಯೋ ಕೆಳಗಿನ ಕಾಮೆಂಟೇ ಪೋಲ್. ‘ತಟ್ಟುವಾಗ ಹರಿಯುತ್ತೆ’, ‘ಆರಿದ ಮೇಲೆ ಗಟ್ಟಿ ಆಗುತ್ತೆ’ ಅಂತ ಬೇರೆ ಬೇರೆಯವರು ಕೇಳಿ, ಅಲ್ಲಿ ಉತ್ತರ ಸಿಗದೆ ಉಳಿದಿದ್ದರೆ ಅದನ್ನ ತಗೊಳ್ಳಿ.

ತೋಟದಮನೆ:
ಕೂತು ಎಣಿಸಿದೆ. ಹೋದ ಮಳೆಗಾಲದಲ್ಲಿ ಪ್ರಶ್ನೆ ಕೇಳಿದವರು 87 ಜನ. ಬೋರ್ಡೋ ಬಗ್ಗೆ 34, ಅದರಲ್ಲಿ 19 ಜನ ‘ಎಷ್ಟು ಹಾಕಬೇಕು’ ಅಂತ. ಉಳಿದ 15 ಜನ ದ್ರಾವಣ ಒಡೆಯೋದು, ನಾಜಲ್ ಕಟ್ಟೋದು, ಹೊಡೆದ ಮೇಲೆ ಮಳೆ ಬಂದ್ರೆ ಏನು ಅಂತ. ಡ್ರೋನ್ ಬಗ್ಗೆ 12, ಹತ್ತು ಜನ ‘ನಂಬರ್ ಕೊಡಿ’ ಅಂತ. ಹಾಗಾದ್ರೆ ಪ್ರಮಾಣದ ಮೇಲೆ ವಿಡಿಯೋ ಮಾಡಲಾ?

ಅಂಕಿಲೆಕ್ಕ:
ಮಾಡಬೇಡಿ. ಆ 19 ಜನಕ್ಕೆ ಉತ್ತರ ಒಂದೇ ಸಾಲು. 1% ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಇದನ್ನ ಹಳೇ ವಿಡಿಯೋ ಕೆಳಗೆ ಪಿನ್ ಮಾಡಿ, ಇಲ್ಲ ಒಂದು ಶಾರ್ಟ್ ಹಾಕಿ. ಪೂರ್ತಿ ವಿಡಿಯೋಗೆ ತಕ್ಕ ಪ್ರಶ್ನೆ ಯಾವುದು ಅಂತ ತಿಳಿಯೋಕೆ ಸುಲಭದ ದಾರಿ ಇದು: ಕಾಮೆಂಟ್‌ಗೆ ಒಂದು ಸಾಲಿನ ಉತ್ತರ ಬರೆದು ಎರಡು ದಿನ ಕಾಯಿರಿ. ‘ಧನ್ಯವಾದ ಸರ್’ ಅಂತ ಬಂದರೆ ಅಲ್ಲಿಗೆ ಮುಗೀತು. ‘ಹಾಗೇ ಮಾಡಿದೆ, ಆದ್ರೂ ಮೊಸರು ಒಡೆದ ಹಾಗೆ ಆಯ್ತು’ ಅಂತ ಎರಡನೇ ಪ್ರಶ್ನೆ ಬಂದರೆ ಅಲ್ಲಿ ವಿಡಿಯೋ ಇದೆ. ಯಾಕಂದ್ರೆ ಅದಕ್ಕೆ ಉತ್ತರ ಕಣ್ಣಲ್ಲಿ ನೋಡಬೇಕು. ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಸುರಿಯೋದು, ಲೋಹದ ಪಾತ್ರೆ ಬಿಟ್ಟು ಪ್ಲಾಸ್ಟಿಕ್ ಡ್ರಮ್ ಬಳಸೋದು, ಕೊನೆಗೆ ಉಜ್ಜಿದ ಕಬ್ಬಿಣದ ಚಾಕು ಅದ್ದಿ ಕೆಂಪು ಕೂತರೆ ಇನ್ನಷ್ಟು ಸುಣ್ಣ ಸೇರಿಸೋದು. ಬರವಣಿಗೆಯಲ್ಲಿ ಇದು ಯಾರಿಗೂ ಅರ್ಥ ಆಗಲ್ಲ.

‘ನಂಬರ್ ಕೊಡಿ’ ಅನ್ನೋ ಹತ್ತು ಜನಕ್ಕೆ ಬೇಕಿರೋದು ಡ್ರೋನ್ ಬಾಡಿಗೆಗೆ ಕೊಡೋರು. ಅವರು ವಿಡಿಯೋ ಕೇಳಿಲ್ಲ. ನಿಮ್ಮ 41% ಎಲ್ಲಿಂದ ಬಂತು ಅಂತ ಇದರಲ್ಲೇ ಸ್ವಲ್ಪ ಕಾಣುತ್ತೆ.

ಈಗ ಎರಡನೇ ಪೋಲ್ ಹಾಕಿ. ಪ್ರಶ್ನೆ ‘ಯಾವುದು ಬೇಕು’ ಅಂತ ಇರಬಾರದು, ‘ಹೋದ ಮಳೆಗಾಲದಲ್ಲಿ ಬೋರ್ಡೋ ಹೊಡೆಯುವಾಗ ಎಲ್ಲಿ ಕೈಕೊಟ್ಟಿತು?’ ಅಂತಿರಲಿ. ಆಯ್ಕೆಗಳು ಕಾಮೆಂಟ್‌ನವರ ಮಾತಲ್ಲೇ ಇರಲಿ: ‘ದ್ರಾವಣ ಒಡೆದು ಹೋಯ್ತು’, ‘ನಾಜಲ್ ಕಟ್ಟಿಕೊಳ್ತು’, ‘ಹೊಡೆದ ಕೂಡಲೇ ಮಳೆ ಬಂತು’, ‘ಹೊಡೆದರೂ ಕೊಳೆ ರೋಗ ಬಂತು’. ಐದನೇದು ‘ನಾನು ಹೊಡೆಯೋದಿಲ್ಲ, ಸುಮ್ಮನೆ ನೋಡ್ತೀನಿ’. ಐದಕ್ಕಿಂತ ಹೆಚ್ಚು ಆಯ್ಕೆ ಹಾಕೋಕೆ ಬರಲ್ಲ, ಹಾಗಾಗಿ ‘ಎಲ್ಲವೂ’ ಅಂತ ಒಂದನ್ನ ಹಾಳು ಮಾಡಬೇಡಿ, ಎಲ್ಲರೂ ಅದನ್ನೇ ಒತ್ತಿ ಹೋಗ್ತಾರೆ. ಯಾರು ಯಾವುದಕ್ಕೆ ಹಾಕಿದರು ಅಂತ ನಮಗೆ ಕಾಣಲ್ಲ, ಅದಕ್ಕೇ ಆ ಐದನೇದು ಬೇಕು. ಅದನ್ನ ತೆಗೆದು ಉಳಿದ ನಾಲ್ಕರಲ್ಲಿ ಮಾತ್ರ ಲೆಕ್ಕ ಹಾಕಿ.

ಹೊಸನಗರ:
ಐದನೇ ಆಯ್ಕೆ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ‘ಸುಮ್ಮನೆ ನೋಡ್ತೀನಿ’ ಅಂತ ಒಪ್ಪಿಕೊಳ್ಳೋಕೆ ಜನಕ್ಕೆ ಮುಜುಗರ, ಬೇರೆ ಯಾವುದನ್ನೋ ಒತ್ತುತ್ತಾರೆ. ‘ನಮ್ಮ ಮನೆಯಲ್ಲಿ ಬೇರೆಯವರು ನೋಡ್ಕೋತಾರೆ’ ಅಂದ್ರೆ ಮರ್ಯಾದೆಯಾಗಿ ಇರುತ್ತೆ. ಬೆಂಗಳೂರಲ್ಲಿ ಕೆಲಸ ಮಾಡಿಕೊಂಡು ಊರಿನ ತೋಟದ ವಿಡಿಯೋ ನೋಡೋರು ಬಹಳ. ಅವರೂ ಪ್ರೇಕ್ಷಕರೇ, ಲೆಕ್ಕದಿಂದ ಪೂರ್ತಿ ತೆಗೆಯೋದು ಸರಿಯಾ? ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸೋರೂ ಅವರೇ.

ಅಂಕಿಲೆಕ್ಕ:
ಪದ ನಿಮ್ಮದೇ ಚೆನ್ನಾಗಿದೆ, ಅದನ್ನೇ ಇಡಲಿ. ತೆಗೆಯಬೇಕೋ ಬೇಡವೋ ಅನ್ನೋದು ಚಾನೆಲ್ ಯಾರಿಗೆ ಅನ್ನೋದರ ಮೇಲೆ ಹೋಗುತ್ತೆ. ನಾನಂತೂ ತೆಗೆದೇ ನೋಡ್ತೀನಿ.

ಕಡೂರು ಕ್ಯಾಮರಾ:
ಸರಿ, ಪೋಲ್ ಹಾಕಿದ್ರು ಅಂತಿಟ್ಕೊಳ್ಳಿ. 38% ಒಂದಕ್ಕೆ, 34% ಇನ್ನೊಂದಕ್ಕೆ ಬಂದ್ರೆ? ಹೆಚ್ಚು ಬಂದಿದ್ದೇ ಗೆದ್ದ ಹಾಗೆ ತಾನೆ?

ಅಂಕಿಲೆಕ್ಕ:
ಶೇಕಡಾ ಬಿಟ್ಟು ತಲೆ ಎಣಿಸಿ. 150 ವೋಟ್‌ನಲ್ಲಿ ಅದು 57 ಮತ್ತು 51, ವ್ಯತ್ಯಾಸ ಆರು ಜನ. ಒರಟು ಲೆಕ್ಕ ಹೀಗಿದೆ: ಎರಡನ್ನೂ ಕೂಡಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ವ್ಯತ್ಯಾಸ ಅದಕ್ಕಿಂತ ಹೆಚ್ಚಿರಬೇಕು.

```
57 + 51 = 108
√108 ≈ 10.4
2 × 10.4 ≈ 21
57 − 51 = 6
```

ಆರು ಎಲ್ಲಿ, ಇಪ್ಪತ್ತೊಂದು ಎಲ್ಲಿ. ನಾಳೆ ಇದೇ ಪೋಲ್ ಹಾಕಿದ್ರೆ ತಿರುಗುಮುರುಗು ಆಗಬಹುದು. ಆಗ ಕಾಮೆಂಟ್‌ನಲ್ಲಿ ಎರಡನೇ ಪ್ರಶ್ನೆ ಹೆಚ್ಚು ಬಂದಿದ್ದು ಯಾವುದಕ್ಕೋ ಅದನ್ನ ತಗೊಳ್ಳಿ. ಮೇಲಿನ ಡ್ರೋನ್ ಪೋಲ್‌ಗೆ ಇದೇ ಲೆಕ್ಕ ಹಾಕಿದ್ರೆ 98 ಮತ್ತು 65, ವ್ಯತ್ಯಾಸ 33, ಬೇಕಿದ್ದದ್ದು ಸುಮಾರು 26. ಅಂದ್ರೆ ಅಲ್ಲಿ ಗೆಲುವು ನಿಜವೇ, ಏನು ಗೆದ್ದಿತು ಅನ್ನೋದು ಮಾತ್ರ ಸ್ಪಷ್ಟ ಇರಲಿಲ್ಲ. ಇನ್ನೊಂದು, ಮೊದಲ ಸಾಲಲ್ಲಿರೋ ಆಯ್ಕೆಗೆ ಓದದೇ ಒತ್ತೋರ ವೋಟ್ ಸೇರುತ್ತೆ. ಡ್ರೋನ್ ಮೇಲೇ ಇತ್ತಾ?

ತೋಟದಮನೆ:
ಹೌದು, ಮೊದಲನೇದೇ ಅದು.

ಮಂಡಿಗದ್ದೆ:
ದಿನಾಂಕ ಮರೀಬೇಡಿ. ಮೊದಲ ಸಿಂಪಡಣೆ ಮಳೆ ಹಿಡಿಯೋಕೆ ಮುಂಚೆ, ಎರಡನೇದು ಅದಾಗಿ 40–45 ದಿನಕ್ಕೆ. ಮೈಲುತುತ್ತ ಕೊಳ್ಳೋದು ಮೇ ತಿಂಗಳಲ್ಲಿ. ಅಂದ್ರೆ ಕಲಸೋ ವಿಡಿಯೋ ಮೇ ಎರಡನೇ ವಾರಕ್ಕೆ ಬರಬೇಕು, ಪೋಲ್ ಏಪ್ರಿಲ್ ಮೊದಲ ವಾರಕ್ಕೆ. ‘ಹೊಡೆದರೂ ಕೊಳೆ ರೋಗ ಬಂತು’ ಗೆದ್ದರೆ ಮಾತ್ರ ಜುಲೈಗೆ ಇಟ್ಕೊಳ್ಳಿ, ಆ ನೋವು ಶುರುವಾಗೋದೇ ಆಗ.

ತೋಟದಮನೆ:
ಹಾಗಾದ್ರೆ ಈ ವರ್ಷದ ಮೊದಲ ಸಿಂಪಡಣೆಯ ವಿಡಿಯೋಗೆ ಹೊತ್ತು ಮೀರಿತು. ಎರಡನೇ ಸುತ್ತಿಗೆ ಹೊಡೆಯೋರನ್ನ ಗುರಿ ಇಟ್ಟು ಈ ವಾರ ಪೋಲ್ ಹಾಕ್ತೀನಿ. ‘ನಾಜಲ್ ಕಟ್ಟಿಕೊಳ್ತು’ ಮೊದಲು ಬರಲಿ, ‘ದ್ರಾವಣ ಒಡೆದು ಹೋಯ್ತು’ ಮೂರನೇದು. ಮುಂದಿನ ವಾರ ಕ್ರಮ ತಿರುಗಿಸಿ ಇನ್ನೊಮ್ಮೆ.

ಹೊಸನಗರ:
ಒಂದೇ ಪೋಲ್ ಎರಡು ಸಲ ಹಾಕಿದ್ರೆ ಮೊದಲ ಸಲ ಒತ್ತಿದವರು ಮತ್ತೆ ಒತ್ತಲ್ಲ, ಬೇರೆ ಜನದ ವೋಟ್ ಬರುತ್ತೆ. ಅದು ಕ್ರಮದಿಂದ ಬದಲಾಯ್ತಾ, ಜನದಿಂದ ಬದಲಾಯ್ತಾ ಅಂತ ಹೇಗೆ ಹೇಳ್ತೀರಿ?