ಸಮಸ್ಯಾಪೂರಣ: ‘ಉಂಡು ಕೈ ತೊಳೆದು ತಾನೊಲೆಯ ಹಚ್ಚಿದಳು’

ಹೊಂಗೆನೆರಳು (ಸಮಸ್ಯೆ ಕೊಟ್ಟವರು): ಗೆಳೆಯರೇ, ಈ ವಾರದ ಸಮಸ್ಯೆ ಕೊನೆಯ ಸಾಲಿನದು:

*ಉಂಡು ಕೈ ತೊಳೆದು ತಾನೊಲೆಯ ಹಚ್ಚಿದಳು*

ಸಾಲಿಗೆ ಐದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ. ಆದಿಪ್ರಾಸ ‘ಂಡ’. ಇಡೀ ಪದ್ಯಕ್ಕೆ ‘ಹಚ್ಚಿದಳು’ ಒಂದೇ ಕ್ರಿಯಾಪದ. ಉಳಿದ ಕೆಲಸಗಳೆಲ್ಲ ‘ಮಾಡಿ, ಬಂದು, ನೋಡದೆ’ ಎಂಬಂತೆ ಅದಕ್ಕೇ ಜೋತುಬೀಳಬೇಕು. ಉಂಡ ಮೇಲೆ ಒಲೆ ಹಚ್ಚಿದ್ದೇಕೆ ಎಂಬುದೇ ಬಿಡಿಸಬೇಕಾದ ಗಂಟು.

ಗಣಿತದ ಮೇಷ್ಟ್ರು: ಇದರಲ್ಲಿ ಗಂಟೇ ಇಲ್ಲ. ಪದ್ಯದಲ್ಲಿ ಪದಗಳನ್ನು ಹಿಂದುಮುಂದು ಮಾಡಿ ಅನ್ವಯಿಸಿಕೊಳ್ಳುವುದು ಇದ್ದದ್ದೇ. ‘ಒಲೆ ಹಚ್ಚಿದಳು, ಉಂಡಳು, ಕೈ ತೊಳೆದಳು’ ಎಂದು ಓದಿಕೊಂಡರಾಯಿತು.

ಹಳಗನ್ನಡಪ್ರಿಯ: ಮೇಷ್ಟ್ರೇ, ಪದಗಳ ಜಾಗ ಬದಲಿಸಬಹುದು, ನಿಜ. ಆದರೆ ಹೊತ್ತು ಬದಲಾಗುವುದಿಲ್ಲ. ‘ಒಲೆಯ ಹಚ್ಚಿದಳು ಉಂಡು’ ಎಂದು ತಿರುಗಿಸಿ ಬರೆದರೂ ಊಟವೇ ಮೊದಲು. ‘ಉಂಡು’ ಎನ್ನುವ ರೂಪದಲ್ಲೇ ‘ಇದು ಮುಗಿದ ಮೇಲೆ’ ಎಂಬುದು ಕೂತಿದೆ. ನಿಮ್ಮ ಓದು ನಿಲ್ಲಬೇಕಾದರೆ ‘ಹಚ್ಚಿ ಉಂಡಳು’ ಆಗಬೇಕಿತ್ತು.

ರೊಟ್ಟಿಬುತ್ತಿ: ನನ್ನ ಪೂರಣ ನೋಡ್ರಿ:

*ಗಂಡ ಮಕ್ಕಳು ಹೊಲದಿ ಬೆವರಿಳಿಸಿ ಬಂದು*
*ತಂಡ ತಂಡದಿ ಕುಳಿತು ಹಸಿವೆಂದು ಕೂಗಿ*
*ಹಿಂಡಿ ಪಲ್ಯಕೆ ನಿಂಬೆ ರೊಟ್ಟಿಯನು ಮುರಿದು*
*ಉಂಡು ಕೈ ತೊಳೆದು ತಾನೊಲೆಯ ಹಚ್ಚಿದಳು*

ಉಂಡವರು ಗಂಡ ಮಕ್ಕಳು, ಒಲೆ ಹಚ್ಚಿದಾಕೆ ಹೆಂಡತಿ. ತನಗೇನೂ ಉಳಿದಿಲ್ಲ, ಅದಕ್ಕೆ ಮತ್ತೆ ಅಡುಗೆ. ಗಂಟು ಬಿಚ್ಚಿತಲ್ರಿ?

ಹಳಗನ್ನಡಪ್ರಿಯ: ಮೂರನೆಯ ಸಾಲು ಬಾಯಲ್ಲಿ ನೀರೂರಿಸಿತು. ಮಾತ್ರೆ, ಪ್ರಾಸ ಎಲ್ಲ ಸರಿ. ಆದರೆ ವಾಕ್ಯ ಮುರಿದಿದೆ. ಇಳಿಸಿ, ಬಂದು, ಕುಳಿತು, ಕೂಗಿ, ಹಿಂಡಿ, ಮುರಿದು, ಉಂಡು, ತೊಳೆದು, ಇವುಗಳಲ್ಲಿ ಒಂದಕ್ಕೂ ‘ಯಾರು’ ಎಂದು ಹೇಳುವ ಪ್ರತ್ಯಯವಿಲ್ಲ. ಅದು ಗೊತ್ತಾಗುವುದು ಕೊನೆಯ ‘ಅಳು’ವಿನಿಂದ. ಹಾಗಾಗಿ ಓದುಗ ಎಂಟು ಕೆಲಸಗಳನ್ನೂ ಒಲೆ ಹಚ್ಚಿದವಳಿಗೇ ಹೊರಿಸಹೋಗುತ್ತಾನೆ, ಮೊದಲಲ್ಲೇ ಕೂತ ‘ಗಂಡ ಮಕ್ಕಳು’ ಯಾವ ಕ್ರಿಯಾಪದವೂ ಸಿಗದೆ ನೇತಾಡುತ್ತಾರೆ.

ಕರ್ತೃ ಬದಲಾಗುವ ಕಡೆ ಕೊಂಡಿಯನ್ನೂ ಬದಲಿಸಬೇಕು. ಹಳಗನ್ನಡದಲ್ಲಿ ಅದಕ್ಕೆ ‘ಬರೆ’, ‘ಬರಲ್’ ರೂಪಗಳಿದ್ದವು. ನಮಗೆ ‘ಬರಲು’, ‘ಬಂದಾಗ’, ‘ಬಂದ ಮೇಲೆ’ ಇವೆ. ನಿಮ್ಮ ಮೊದಲ ಸಾಲನ್ನು ಹೀಗೆ ಮಾಡಿ:

*ಗಂಡ ಮಕ್ಕಳು ಹೊಲಕೆ ಬೆಳಗೆ ಹೋಗಿರಲು*

‘ಇರಲು’ ಬಂದೊಡನೆ ಗಂಡ ಮಕ್ಕಳ ಪಾತ್ರ ಮುಗಿಯಿತು. ಮುಂದಿನ ‘ಉಂಡು’ ನಿರಾತಂಕವಾಗಿ ಅವಳದಾಗುತ್ತದೆ. ನಡುವಿನ ಎರಡು ಸಾಲು ಮಾತ್ರ ಹೊಸದಾಗಿ ಬರೆಯಬೇಕಾದೀತು.

ಸಿಂಗಪುರದ ಅಮ್ಮ: ಪದ್ಯ ಕಟ್ಟುವುದು ನನಗೆ ಬರುವುದಿಲ್ಲ, ಆದರೆ ಇದೇ ತೊಂದರೆ ನಮ್ಮ ಮನೆಯಲ್ಲೂ ಇದೆ. ಮಗಳು ‘ಅಪ್ಪ ಬಂದು ನಾನು ಬಾಗಿಲು ತೆಗೆದೆ’ ಎಂದು ಬರೆದಳು. ತಿದ್ದಿ ‘ಬಂದಾಗ’ ಮಾಡಿಸಿದೆ. ಮರುದಿನ ಅವಳೇ ‘ಮಳೆ ಬಂದು ಕೆರೆ ತುಂಬಿತು’ ಎಂಬ ಪಾಠದ ಸಾಲು ತೋರಿಸಿ, ‘ಇಲ್ಲಿ ಇಬ್ಬರು ಇದ್ದಾರಲ್ಲಮ್ಮ?’ ಎಂದಳು. ಏನು ಹೇಳಲಿ?

ಹಳಗನ್ನಡಪ್ರಿಯ: ಅಮ್ಮ, ಮಗಳು ಸೂಕ್ಷ್ಮ ಹಿಡಿದಿದ್ದಾಳೆ. ‘ಮಳೆ ಬಂದು ಕೆರೆ ತುಂಬಿತು’, ‘ಗಾಳಿ ಬೀಸಿ ದೀಪ ಆರಿತು’ ಎರಡೂ ಸರಿಯೇ. ಮೊದಲನೆಯದರಿಂದಲೇ ಎರಡನೆಯದು ಆಯಿತು, ಕೆರೆಯಾಗಲಿ ದೀಪವಾಗಲಿ ಬೇಕೆಂದು ಏನನ್ನೂ ಮಾಡಲಿಲ್ಲ. ಬಾಗಿಲು ತೆಗೆದವಳು ಬೇಕೆಂದೇ ತೆಗೆದಳು, ಅದಕ್ಕೇ ಅಲ್ಲಿ ‘ಬಂದು’ ಒಗ್ಗುವುದಿಲ್ಲ.

ಗಣಿತದ ಮೇಷ್ಟ್ರು: ಹಾಗಾದರೆ ‘ಮಳೆ ಬಂದು ನಾನು ಒಳಗೆ ಓಡಿದೆ’?

ಹಳಗನ್ನಡಪ್ರಿಯ: ನನ್ನ ಕಿವಿಗೆ ಒಪ್ಪುವುದಿಲ್ಲ.

ರೊಟ್ಟಿಬುತ್ತಿ: ನಮ್ಮ ಕಡೆ ಅಂತಾರ್ರಿ. ನನಗೇನೂ ತಪ್ಪು ಕಾಣಂಗಿಲ್ಲ.

ಮುದ್ದೆಗೌಡ: ಆ ಜಗಳ ಹಾಗೇ ಇರಲಿ, ನನ್ನದು ತಗೊಳ್ಳಿ:

*ಮಂಡೆ ಬಾಚದೆ ನಸುಕಿನಲಿ ಕದವ ತೆರೆದು*
*ಹಿಂಡಿ ತಂಗಳ ನೀರ ಮಜ್ಜಿಗೆಯ ಬೆರೆಸಿ*
*ತಂಡದಾಳ್ಗಳಿಗೆ ಬಿಸಿಮುದ್ದೆಯನು ನೆನೆದು*
*ಉಂಡು ಕೈ ತೊಳೆದು ತಾನೊಲೆಯ ಹಚ್ಚಿದಳು*

ಉಂಡಿದ್ದು ರಾತ್ರಿಯ ತಂಗಳು, ಒಲೆ ಹಚ್ಚಿದ್ದು ಕೂಲಿಯವರ ಮುದ್ದೆಗೆ.

ಹೊಂಗೆನೆರಳು: ಭೇಷ್! ಎಲ್ಲ ಕೆಲಸವೂ ಒಬ್ಬಳದೇ. ಊಟ ಮೊದಲು, ಒಲೆ ಆಮೇಲೆ ಎಂಬುದೂ ಉಳಿಯಿತು. ‘ಬಾಚದೆ’ ಎಂಬ ನಿಷೇಧ ತಲೆಗಷ್ಟೇ ತಾಗಿ, ಮುಂದಿನ ಕೆಲಸಗಳನ್ನು ಮುಟ್ಟದೆ ನಿಂತಿರುವುದು ನನಗೆ ಬಹಳ ಹಿಡಿಸಿತು.

ಗಣಿತದ ಮೇಷ್ಟ್ರು: ಒಂದು ತಕರಾರು. ಮುದ್ದೆಯನ್ನು ನೆನೆದು, ಅದು ಮುಗಿದ ಮೇಲೆ ಉಂಡಳೇ? ಉಣ್ಣುತ್ತಲೇ ನೆನೆದಿರಬೇಕಲ್ಲ. ‘ನೆನೆಯುತ’ ಆಗಬೇಕು.

ಮುದ್ದೆಗೌಡ: ‘ನೆನೆಯುತ’ ನಾಲ್ಕು ಮಾತ್ರೆ ಆಗುತ್ತೆ ಮೇಷ್ಟ್ರೇ.

ಹಳಗನ್ನಡಪ್ರಿಯ: ಮೇಷ್ಟ್ರ ಮಾತಿನಲ್ಲಿ ಹುರುಳಿದೆ. ಆದರೆ ‘ಕುಳಿತು ಉಂಡ’ ಎಂದರೆ ಕೂರುವುದನ್ನು ಮುಗಿಸಿ, ಎದ್ದು ಉಂಡ ಎಂದಲ್ಲ. ಕೂತೇ ಉಂಡ. ‘ಕೊಡೆ ಹಿಡಿದು ನಡೆದ’ ಎಂಬಲ್ಲಿಯೂ ಕೊಡೆ ಕೈಯಲ್ಲೇ ಇದೆ. ಶುರುವಾದದ್ದು ಮೊದಲು, ಆದರೆ ಸ್ಥಿತಿ ಮುಂದುವರಿಯುತ್ತದೆ. ‘ನೆನೆ’ ಎಂಬ ಧಾತುವೂ ಆ ಗುಂಪಿಗೆ ಸೇರುತ್ತದೆಯೇ?

ಹೊಂಗೆನೆರಳು: ಸೇರುವುದಿಲ್ಲ ಎನ್ನುವವರು ಮೂರು ಮಾತ್ರೆಯ ಬೇರೆ ಪದ ಕೊಡಿ. ಭಾನುವಾರದವರೆಗೆ ಸಮಯವಿದೆ.