ಪದಚರ್ಚೆ: ‘ಕುಂಭದ್ರೋಣ ಮಳೆ’ಗೆ ಇಷ್ಟು ಅಂಕ ಯಾಕೆ?

ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ಹೊರನಾಡಿನಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ಒಂದು ಪಟ್ಟಿ ಮಾಡುತ್ತಿದ್ದೇನೆ. ಯಾವ ಪದ ಯಾವ ಪದದ ಜೊತೆ ಹೊಂದುತ್ತದೆ ಅನ್ನುವ ಪಟ್ಟಿ. ‘ಗಾಢ ನಿದ್ದೆ’ ಅನ್ನುತ್ತೇವೆ, ‘ಗಾಢ ಮಳೆ’ ಅನ್ನುವುದಿಲ್ಲ, ಅಲ್ವಾ? ಇದನ್ನು ನನ್ನ ಕಿವಿಯೊಂದಕ್ಕೇ ಬಿಡುವುದು ಬೇಡ ಅನ್ನಿಸಿತು. ಪತ್ರಿಕೆಯ ಬರಹಗಳಿಂದ ಸುಮಾರು 10 ಲಕ್ಷ ಪದ ಕೂಡಿಸಿ, ಅಕ್ಕಪಕ್ಕ ಬರುವ ಜೋಡಿಗಳನ್ನು ಎಣಿಸಿ, ಎರಡು ಪದಗಳ ನಂಟು ಎಷ್ಟು ಬಿಗಿ ಅಂತ ಹೇಳುವ ಪಿಎಂಐ ಅಂಕ ತೆಗೆದೆ.

```
PMI = log2( O * N / (fx * fy) )
```

`O` ಅಂದರೆ ಜೋಡಿ ಎಷ್ಟು ಸಲ ಬಂತು, `fx` ಮತ್ತು `fy` ಒಂದೊಂದು ಪದ ಎಷ್ಟು ಸಲ ಬಂತು, `N` ಒಟ್ಟು ಪದ. ಸಂಖ್ಯೆಗಳನ್ನು ಸುಲಭಕ್ಕೆ ದುಂಡಗೆ ಮಾಡಿ ಹೇಳುತ್ತೇನೆ. ‘ಮಳೆ’ 1000 ಸಲ ಇದೆ. ‘ಜೋರು’ 500 ಸಲ, ಅದರಲ್ಲಿ 40 ಸಲ ‘ಜೋರು ಮಳೆ’. ಅಂಕ 6.32. ‘ಧಾರಾಕಾರ’ 100 ಸಲ, ಅದರಲ್ಲಿ 80 ಸಲ ಮುಂದೆ ‘ಮಳೆ’. ಅಂಕ 9.64. ‘ಕುಂಭದ್ರೋಣ’ ಬಂದಿರುವುದೇ 5 ಸಲ, ಐದೂ ಸಲ ಮಳೆಯ ಜೊತೆ. ಅಂಕ 9.97.

ಇಲ್ಲಿಯವರೆಗೆ ಸರಿ ಅನ್ನಿಸಿತ್ತು. ಆದರೆ ಒಂದು ಕಡೆ ಯಾರೋ ‘ಧಾರಕಾರ ಮಳೆ’ ಅಂತ ತಪ್ಪಾಗಿ ಬರೆದಿದ್ದಾರೆ. ಒಂದೇ ಒಂದು ಸಲ. ಅದಕ್ಕೂ 9.97! ತಪ್ಪು ಬರೆದದ್ದು ಸರಿ ಬರೆದದ್ದಕ್ಕಿಂತ ಮೇಲೆ ಕೂತಿದೆ. ಎಲ್ಲಿ ಎಡವಿದೆ?

ಸಾಗರದಿಂದ:

ಕುಂಭವೂ ದ್ರೋಣವೂ ಹಳೆಯ ಅಳತೆಗಳು. ಕೊಳಗ, ಸೇರು ಇದ್ದ ಹಾಗೆ. ಕೊಡಗಟ್ಟಲೆ ಸುರಿದ ಹಾಗೆ ಬೀಳುವ ಮಳೆ ಅನ್ನುವ ಅರ್ಥ. ಇಂಥವನ್ನು ಜೋಡುನುಡಿ ಅಂತ ಕರೆದರೆ ಸಾಕಲ್ಲವೇ? ಹೊಲಗದ್ದೆ, ಮನೆಮಠ ಇದ್ದ ಹಾಗೆ. ಪದದ ಅರ್ಥ ಗೊತ್ತಾದ ಮೇಲೆ ಅಂಕ ಯಾಕೆ ಬೇಕು?

ಬೆಂಗಳೂರಿನಿಂದ:

ಸಾಗರದವರೇ, ಹೊಲಗದ್ದೆ ಬೇರೆ ವಿಷಯ. ಅದು ಒಂದೇ ಪದದ ಹಾಗೆ ಅಂಟಿಕೊಂಡಿದೆ. ಇಲ್ಲಿ ‘ಮಳೆ’ಯ ಹಿಂದೆ ಬರುವ ಪದವನ್ನು ನಾವು ಆರಿಸುತ್ತೇವೆ, ಆದರೆ ಆಯ್ಕೆ ಕಡಿಮೆ.

ಮೈಸೂರಿನವರ ತೊಂದರೆ ಹಳೆಯದು. ನಿಘಂಟಿನ ಕೆಲಸಕ್ಕೆ ಈ ಅಳತೆಯನ್ನು ಬಳಕೆಗೆ ತಂದವರು ಕೆನೆತ್ ಚರ್ಚ್ ಮತ್ತು ಪ್ಯಾಟ್ರಿಕ್ ಹ್ಯಾಂಕ್ಸ್. 1990ರ ಅವರ ಲೇಖನದಲ್ಲೇ ಎಣಿಕೆ ಚಿಕ್ಕದಾದರೆ ಅಂಕ ನಿಲ್ಲುವುದಿಲ್ಲ ಅಂದಿದ್ದಾರೆ. 5 ಅಥವಾ ಅದಕ್ಕಿಂತ ಕಡಿಮೆ ಸಲ ಬಂದ ಜೋಡಿಗಳನ್ನು ಅವರು ಪಕ್ಕಕ್ಕೆ ಇಟ್ಟಿದ್ದರು. ನೀವೂ ಹಾಗೆ ಮಾಡಿ. ಇಲ್ಲವೇ ಪಿಎಂಐ ಬಿಟ್ಟು ಟಿ-ಸ್ಕೋರ್ ಅನ್ನುವ ಇನ್ನೊಂದು ಅಳತೆ ಹಾಕಿ, ಮುಗಿಯಿತು.

ಮಂಗಳೂರಿನಿಂದ:

5ಕ್ಕೆ ಗೆರೆ ಎಳೆದರೆ ‘ಧಾರಕಾರ’ ಹೋಗುತ್ತದೆ, ನಿಜ. ಅದರ ಜೊತೆಗೆ ‘ಕುಂಭದ್ರೋಣ’ವೂ ಹೋಗುತ್ತದೆ. ಮಕ್ಕಳಿಗೆ ಕಲಿಸಲೇಬೇಕಾದ ಜೋಡಿ ಅದು. ಹಾಗಾಗಿ ಅಂಕ ಏನನ್ನು ಅಳೆಯುತ್ತಿದೆ ಅಂತ ಮೊದಲು ನೋಡೋಣ.

‘ಧಾರಾಕಾರ’ 100 ಸಲ, ‘ಮಳೆ’ 1000 ಸಲ, ಒಟ್ಟು 10 ಲಕ್ಷ. ಎರಡಕ್ಕೂ ಏನೂ ಸಂಬಂಧವಿಲ್ಲದಿದ್ದರೆ ಅವು ಒಟ್ಟಿಗೆ ಬರುವುದು 0.1 ಸಲ, ಅಂದರೆ ಬರುವುದೇ ಇಲ್ಲ ಅನ್ನಿ. ಬಂದಿರುವುದು 80 ಸಲ. 800 ಪಟ್ಟು ಜಾಸ್ತಿ. ಈ ‘ಎಷ್ಟು ಪಟ್ಟು’ ಅನ್ನುವುದನ್ನೇ ಪಿಎಂಐ ಹೇಳುತ್ತದೆ. ಎಷ್ಟು ಪುರಾವೆ ಇದೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಈಗ ‘ಧಾರಕಾರ’ ನೋಡಿ. ಬಂದದ್ದು ಒಂದು ಸಲ, ಆಗಲೂ ಮಳೆಯ ಜೊತೆ. ನಿರೀಕ್ಷೆ 0.001, ಬಂದದ್ದು 1. 1000 ಪಟ್ಟು! ‘ಕುಂಭದ್ರೋಣ’ಕ್ಕೂ ಅದೇ 1000 ಪಟ್ಟು. ಬರೀ ಮಳೆಯ ಜೊತೆಯೇ ಬರುವ ಯಾವ ಪದಕ್ಕೂ ಅಂಕ 9.97. ಒಂದು ಸಲ ಬರಲಿ, ಸಾವಿರ ಸಲ ಬರಲಿ. ನಿಮ್ಮ ಪಟ್ಟಿಯಲ್ಲಿ ಮಳೆಗೆ ಅದೇ ಮೇಲ್ಮಿತಿ.

ಟಿ-ಸ್ಕೋರ್ ಇದಕ್ಕೆ ಉಲ್ಟಾ. ಬಂದ ಎಣಿಕೆಯಿಂದ ನಿರೀಕ್ಷೆ ಕಳೆದು, ಬಂದ ಎಣಿಕೆಯ ವರ್ಗಮೂಲದಿಂದ ಭಾಗಿಸುತ್ತೇವೆ. ‘ಧಾರಕಾರ’ಕ್ಕೆ 1, ‘ಕುಂಭದ್ರೋಣ’ಕ್ಕೆ 2.23, ‘ಜೋರು’ಗೆ 6.25, ‘ಧಾರಾಕಾರ’ಕ್ಕೆ 8.93. ಚಂದ ಕಾಣುತ್ತದೆ. ಆದರೆ ‘ಈ ಮಳೆ’ಯನ್ನು ಹಾಕಿ ನೋಡಿ. ‘ಈ’ 10,000 ಸಲ ಇದ್ದು 30 ಸಲ ಮಳೆಯ ಹಿಂದೆ ಬಂದಿದೆ ಅಂತಿಟ್ಟುಕೊಳ್ಳಿ. ಟಿ-ಸ್ಕೋರ್ 3.65, ‘ಕುಂಭದ್ರೋಣ’ಕ್ಕಿಂತ ಮೇಲೆ. ಪಿಎಂಐ ಅದಕ್ಕೆ ಬರೀ 1.58 ಕೊಡುತ್ತದೆ, ಅದು ಸರಿಯಾದ ತೀರ್ಪು. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದು ಅಲ್ಲ. ನಾನು ಪಿಎಂಐ ಪ್ರಕಾರ ಜೋಡಿಸಿ, ಪಕ್ಕದಲ್ಲೇ ಎಣಿಕೆಯನ್ನೂ ಇಟ್ಟುಕೊಂಡು ಓದುತ್ತೇನೆ. 5 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಅಳಿಸದೆ, ಮೂಲ ವಾಕ್ಯ ತೆರೆದು ಕಣ್ಣಲ್ಲೇ ನೋಡುತ್ತೇನೆ. ತಪ್ಪು ಕಾಗುಣಿತ ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಂದು ಮಾತು. ನೀವು ‘ಮಳೆ’ ಅನ್ನುವ ರೂಪವನ್ನಷ್ಟೇ ಎಣಿಸಿದ್ದೀರಾ? ಮಳೆಗೆ, ಮಳೆಯಿಂದ, ಮಳೆಯಾಗಿದೆ ಎಲ್ಲಿ ಹೋದವು?

ಬೆಳಗಾವಿಯಿಂದ:

ನನ್ನದೂ ಒಂದು ಸಂಗತಿ. ನಮ್ಮ ಕಡೆ ‘ಖಡಕ್ ಚಹಾ’, ‘ಖಡಕ್ ರೊಟ್ಟಿ’ ದಿನಾ ಬಾಯಲ್ಲಿ ಇರುವ ಮಾತು. ನಾನೂ ಹೀಗೇ ಪತ್ರಿಕೆಯ ಬರಹ ಎಣಿಸಿದೆ. ಮೇಲೆ ಬಂದದ್ದು ‘ಖಡಕ್ ಎಚ್ಚರಿಕೆ’, ‘ಖಡಕ್ ಅಧಿಕಾರಿ’. ಚಹಾ ಒಂದು ಸಲವೂ ಇಲ್ಲ. ಹಾಗಾದರೆ ನಮ್ಮ ಚಹಾ ಸರಿಯಾದ ಜೋಡಿ ಅಲ್ಲವೇ?

ಮಂಗಳೂರಿನಿಂದ:

ಖಂಡಿತ ಸರಿಯಾದ ಜೋಡಿ. ವರದಿಗಾರರು ಚಹಾ ಕುಡಿಯುತ್ತಾರೆ, ಆದರೆ ಅದರ ಬಗ್ಗೆ ವರದಿ ಬರೆಯುವುದಿಲ್ಲ! ಎಣಿಕೆ ಸೊನ್ನೆ ಇದ್ದರೆ ಸೂತ್ರಕ್ಕೆ ಹೇಳಲು ಏನೂ ಇರುವುದಿಲ್ಲ, ಸೊನ್ನೆಗೆ ಲಾಗ್ ಇಲ್ಲ. ಕತೆ, ಮಾತುಕತೆ, ಅಡುಗೆ ಬರಹ ಸೇರಿಸಿ ಎಣಿಸಿ.

ಬೆಂಗಳೂರಿನಿಂದ:

ಒಪ್ಪಿದೆ. ‘ಈ ಮಳೆ’ಯ ವಿಷಯ ನನಗೆ ಹೊಳೆದಿರಲಿಲ್ಲ.

ಮೈಸೂರಿನಿಂದ:

ಎರಡು ದಿನ ಕೂತು ಮತ್ತೆ ಎಣಿಸಿದೆ. ‘ಧಾರಾಕಾರ’ 100ರಲ್ಲಿ 80 ಸಲ ಮಳೆಯ ಜೊತೆ ಇತ್ತಲ್ಲ, ಉಳಿದ 20 ವಾಕ್ಯಗಳನ್ನು ತೆರೆದೆ. 17 ಕಡೆ ‘ಧಾರಾಕಾರ ಮಳೆಗೆ’, ‘ಧಾರಾಕಾರ ಮಳೆಯಾಗಿದೆ’ ಇಂಥವೇ! ಬೇರೆ ಜೊತೆ ಇದ್ದದ್ದು ಮೂರೇ, ಅದರಲ್ಲಿ ಒಂದು ಕಣ್ಣೀರು. ಎಲ್ಲ ರೂಪ ಸೇರಿಸಿದರೆ ‘ಮಳೆ’ 2000 ಆಯಿತು, ಜೋಡಿ 97.

ಆದರೆ ಅಂಕ 9.64ರಿಂದ 8.92ಕ್ಕೆ ಇಳಿಯಿತು. ಮೊದಲು ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ಮಳೆಯ ಎಣಿಕೆ ಹೆಚ್ಚಿದ್ದರಿಂದ ಮೇಲ್ಮಿತಿಯೂ 8.97ಕ್ಕೆ ಇಳಿದಿದೆ. ಈಗ ‘ಧಾರಾಕಾರ’ ಅದಕ್ಕೆ ಅಂಟಿಕೊಂಡೇ ಇದೆ. ಸುಮ್ನೆ ಎರಡು ಪಟ್ಟಿಯ ಅಂಕಗಳನ್ನು ಹೋಲಿಸಿದ್ದರೆ ನಂಟು ಸಡಿಲವಾಯಿತು ಅಂತ ತಪ್ಪು ತಿಳಿಯುತ್ತಿದ್ದೆ.

ಒಂದು ಗೊಂದಲ ಉಳಿದಿದೆ. ‘ಧಾರಾಕಾರ’ ಅಂದರೆ ಕೇಳುವವರಿಗೆ ಮುಂದೆ ಮಳೆ ಬರುತ್ತದೆ ಅಂತ ಗೊತ್ತು. ‘ಮಳೆ’ ಅಂದರೆ ‘ಧಾರಾಕಾರ’ ನೆನಪಾಗಬೇಕಿಲ್ಲ. 100ರಲ್ಲಿ 97 ಒಂದು ದಿಕ್ಕಿಗೆ, 2000ದಲ್ಲಿ 97 ಇನ್ನೊಂದು ದಿಕ್ಕಿಗೆ. ಪಿಎಂಐ ಎರಡಕ್ಕೂ ಒಂದೇ ಅಂಕ ಕೊಡುತ್ತದೆ. ಮಕ್ಕಳು ಪಟ್ಟಿಯಲ್ಲಿ ಹುಡುಕುವುದು ‘ಮಳೆ’ಯನ್ನು.

ಮಂಗಳೂರಿನಿಂದ:

ಹಾಗಿದ್ದರೆ ಜೋಡಿಯನ್ನು ‘ಮಳೆ’ಯ ಕೆಳಗೇ ಕೊಡಿ, ಎರಡೂ ದಿಕ್ಕಿನ ಪಾಲನ್ನು ಬೇರೆ ಬೇರೆ ಬರೆದುಕೊಳ್ಳಿ. ‘ಭಾರಿ ಮಳೆ’, ‘ಭಾರೀ ಮಳೆ’ ಎರಡೂ ಸಿಗುತ್ತವೆ. ಅವನ್ನು ಒಂದು ಮಾಡಿ ಎಣಿಸಬೇಕೋ ಬೇಡವೋ ನನಗೂ ಇನ್ನೂ ತೀರ್ಮಾನವಾಗಿಲ್ಲ. ಸಾಗರದವರು ಏನನ್ನುತ್ತಾರೆ?